ಹೌದು ಎಂದ ಮೇಲೆ ಹಿಂದೆ ಸರಿಯುವಂತಿಲ್ಲ

ಕೆಲವು ವರ್ಷಗಳ ಹಿಂದಿನ ಒಂದು ಶನಿವಾರ. ರಾತ್ರಿ ಒಂಬತ್ತೂ ಮುಕ್ಕಾಲು. ಪುಣೆಯ ಮನೆಯಲ್ಲಿ ಆಗಷ್ಟೇ ತಟ್ಟೆಯ ಮುಂದೆ ಕೂತಿದ್ದೆ, ಹೈದರಾಬಾದಿನಿಂದ ಫೋನ್ ಬಂತು. ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಹುಡುಗ. ಅಲ್ಲಿನ ಒಂದು ಪಾವತಿ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ.

“ಸರ, ಊಟ ಆತೇನ್ರಿ?” ಅಂದ. ಸರ್ವರ್‌ಗೆ ಬೆಂಕಿ ಬಿದ್ದಿದ್ದರೂ ಮೊದಲು ಊಟದ ವಿಚಾರವೇ ಬರುತ್ತದೆ, ಅದು ಆ ಕಡೆಯವರ ರೂಢಿ.

“ನನ್ನ ಊಟ ಇರಲಿ, ಏನಾಯ್ತು ಹೇಳಪ್ಪಾ.”

“ಒಂದ್ ರೋ ಲಾಕ್ ಆಗಿ ಕುಂತೈತ್ರಿ. ಯಾರ್ ಹಿಡದಾರಂತ ನೋಡಿದ್ರ ಪಿಐಡಿ ಸೊನ್ನಿ ಬರ್ತೈತಿ. ಸೊನ್ನಿನ್ನ ಹೆಂಗ್ ಕಿಲ್ ಮಾಡೋದ್ರಿ?”

“ರೀಸ್ಟಾರ್ಟ್ ಮಾಡಿ ನೋಡಿದೆಯಾ?”

“ಎರಡ್ ಸಲ ಮಾಡೀನ್ರಿ. ಎದ್ದು ಬಂದ ಕೂಡ್ಲೆ ಮತ್ತ ಹಿಡಕೊಂಡು ಕುಂತೈತ್ರಿ.”

ಡೇಟಾಬೇಸ್ ಕೆಲಸ ಮಾಡುವವರಿಗೆ ಇದು ದೆವ್ವದ ಕತೆಯಂತೆ ಕೇಳಿಸುತ್ತದೆ. ಲಾಕ್ ಹಿಡಿದವನು ಯಾವ ಪಟ್ಟಿಯಲ್ಲೂ ಇಲ್ಲ, ಕೊಲ್ಲಲು ಬರುವುದಿಲ್ಲ, ಸರ್ವರ್ ಮುಚ್ಚಿ ತೆರೆದರೂ ಹೋಗುವುದಿಲ್ಲ. ಆದರೆ ಸೊನ್ನೆ ಎಂದ ಕೂಡಲೇ ನನಗೆ ಗೊತ್ತಾಯಿತು. ಅದು ದೆವ್ವವಲ್ಲ, ಕೊಟ್ಟ ಮಾತು. ಆ ಡೇಟಾಬೇಸ್ ಯಾರಿಗೋ ಒಂದು ಮಾತು ಕೊಟ್ಟಿದೆ, ಮಾತು ತೆಗೆದುಕೊಂಡವನು ಸತ್ತುಹೋಗಿದ್ದಾನೆ.

ಅವರ ವ್ಯವಸ್ಥೆ ಹೀಗಿತ್ತು. ಗ್ರಾಹಕರ ಖಾತೆಗಳು ಒಂದು ಪೋಸ್ಟ್‌ಗ್ರೆಸ್ ಸರ್ವರ್‌ನಲ್ಲಿ, ಅಂಗಡಿಯವರ ಖಾತೆಗಳು ಇನ್ನೊಂದರಲ್ಲಿ. ಮೊದಲನೆಯದನ್ನು ‘ಅ’ ಎನ್ನೋಣ, ಎರಡನೆಯದನ್ನು ‘ಆ’. ಗ್ರಾಹಕ ಹಣ ಕೊಟ್ಟಾಗ ಅ-ದಲ್ಲಿ ಕಳೆಯಬೇಕು, ಆ-ದಲ್ಲಿ ಕೂಡಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಎರಡೂ ಒಂದೇ ಸರ್ವರ್‌ನಲ್ಲಿದ್ದಿದ್ದರೆ ಒಂದು ಸಾದಾ `COMMIT` ಸಾಕಿತ್ತು. ಎರಡು ಸರ್ವರ್ ಆದಾಗ, ಒಂದಕ್ಕೆ ಕಮಿಟ್ ಎಂದು ಹೇಳಿ ಇನ್ನೊಂದಕ್ಕೆ ಹೇಳುವಷ್ಟರಲ್ಲಿ ಆ ಇನ್ನೊಂದು ಬಿದ್ದುಹೋದರೆ? ಕಮಿಟ್ ಆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಅದಕ್ಕೇ ಟೂ ಫೇಸ್ ಕಮಿಟ್. ನಡುವೆ ಒಬ್ಬ ಕೋಆರ್ಡಿನೇಟರ್ ಇರುತ್ತಾನೆ. ಆತ ಮೊದಲ ಹಂತದಲ್ಲಿ ಇಬ್ಬರನ್ನೂ ಕೇಳುತ್ತಾನೆ: ನಿನ್ನ ಪಾಲಿನ ಕೆಲಸ ಮುಗಿಸಿ ಸಿದ್ಧನಾಗಿದ್ದೀಯಾ? ಇಬ್ಬರೂ ಹೌದು ಎಂದರೆ, ಕಮಿಟ್ ಎಂಬ ತೀರ್ಮಾನವನ್ನು ತನ್ನ ಲಾಗ್‌ನಲ್ಲಿ ಬರೆದು, ಅದು ಡಿಸ್ಕ್ ಮುಟ್ಟಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಆಮೇಲೆ ಎರಡನೆಯ ಹಂತದಲ್ಲಿ ಇಬ್ಬರಿಗೂ ಕಮಿಟ್ ಎಂದು ಹೇಳುತ್ತಾನೆ. ಒಬ್ಬ ಇಲ್ಲ ಎಂದರೂ, ಉತ್ತರವೇ ಬಾರದಿದ್ದರೂ, ತೀರ್ಮಾನ ರೋಲ್‌ಬ್ಯಾಕ್.

ಪೋಸ್ಟ್‌ಗ್ರೆಸ್‌ನಲ್ಲಿ ಆ-ದ ಕಡೆಯ ಮೊದಲ ಹಂತ ಹೀಗಿರುತ್ತದೆ:

```
BEGIN;
UPDATE merchant SET balance = balance + 18500
 WHERE id = 1042;
PREPARE TRANSACTION 'xfer-7781';
```

ಈ ಕೊನೆಯ ಸಾಲಿನಲ್ಲೇ ಎಲ್ಲ ಇದೆ. `PREPARE TRANSACTION` ಯಶಸ್ವಿಯಾಯಿತು ಎಂದರೆ ಆ ಹೌದು ಎಂದಿತು ಎಂದರ್ಥ. ಆ ಹೌದು ಬಾಯಿಮಾತಿನದಲ್ಲ. ಏನು ಬದಲಾಗಬೇಕು, ಯಾವ ಲಾಕ್ ಹಿಡಿದಿದೆ ಎಂಬುದೆಲ್ಲ ಡಿಸ್ಕ್‌ಗೆ ಹೋಗಿರುತ್ತದೆ. ಕರೆಂಟ್ ಹೋಗಿ ಬಂದರೂ ಮಾತು ಉಳಿಸಿಕೊಳ್ಳಲು ಇದು ಬೇಕು. ಆ ಕೆಲಸ ಶುರುಮಾಡಿದ ಕನೆಕ್ಷನ್‌ಗೂ ಈ ವ್ಯವಹಾರಕ್ಕೂ ಇನ್ನು ಸಂಬಂಧವಿಲ್ಲ. ಕನೆಕ್ಷನ್ ಕಡಿದರೂ ವ್ಯವಹಾರ ಉಳಿಯುತ್ತದೆ. ಅದಕ್ಕೇ ಪಿಐಡಿ ಇಲ್ಲ. ಯಾರು ತಡೆದಿದ್ದಾರೆ ಎಂದು `pg_blocking_pids` ಕೇಳಿದರೆ ಸಾಲಿನ ಮೊದಲಲ್ಲಿ ನಿಂತವನಿಗೆ ಸೊನ್ನೆ ಎಂಬ ಉತ್ತರ ಬರುವುದೂ ಅದಕ್ಕೇ. ರೀಸ್ಟಾರ್ಟ್ ಮಾಡಿದರೆ ಹೋಗುವುದಿಲ್ಲ, ಏಕೆಂದರೆ ರೀಸ್ಟಾರ್ಟ್‌ನಿಂದ ಹೋಗಬಾರದು ಎಂದೇ ಅದನ್ನು ಕಟ್ಟಿದ್ದಾರೆ. ಇನ್ನು ಅದನ್ನು ಮುಗಿಸಲು ಇರುವುದು ಎರಡೇ ಮಾತು: `COMMIT PREPARED 'xfer-7781'` ಅಥವಾ `ROLLBACK PREPARED 'xfer-7781'`. ಅದನ್ನು ಹೇಳಬೇಕಾದವನು ಕೋಆರ್ಡಿನೇಟರ್.

ಕೋಆರ್ಡಿನೇಟರ್ ಯಾವ ಘಳಿಗೆಯಲ್ಲಿ ಸಾಯುತ್ತಾನೆ ಎಂಬುದು ಮುಖ್ಯ. ಹೌದು ಎನ್ನುವ ಮೊದಲೇ ಸತ್ತರೆ ತೊಂದರೆಯಿಲ್ಲ. ಆ ಸ್ವಲ್ಪ ಕಾದು, ಕನೆಕ್ಷನ್ ಕಡಿದದ್ದು ನೋಡಿ, ತಾನೇ ರೋಲ್‌ಬ್ಯಾಕ್ ಮಾಡಿಕೊಳ್ಳಬಹುದು. ಇನ್ನೂ ಮಾತು ಕೊಟ್ಟಿಲ್ಲವಲ್ಲ.

ಹೌದು ಎಂದ ಮೇಲೆ ಸತ್ತರೆ ಮೂರು ಸಾಧ್ಯತೆ. ಒಂದು, ತೀರ್ಮಾನ ಬರೆಯುವ ಮೊದಲೇ ಸತ್ತ. ಎರಡು, ಕಮಿಟ್ ಎಂದು ತನ್ನ ಲಾಗ್‌ನಲ್ಲಿ ಬರೆದ, ಯಾರಿಗೂ ಹೇಳುವ ಮೊದಲು ಸತ್ತ. ಮೂರು, ಬರೆದು ಅ-ಗೆ ಹೇಳಿದ, ಅ ಕಮಿಟ್ ಮಾಡಿಯೂ ಆಯಿತು, ಆ-ಗೆ ಹೇಳುವ ಮೊದಲು ಸತ್ತ. ಈಗ ಆ-ದ ಜಾಗದಲ್ಲಿ ಕೂತು ನೋಡಿ. ಮೂರೂ ಸಂದರ್ಭದಲ್ಲಿ ಅದಕ್ಕೆ ಕಾಣಿಸುವುದು ಒಂದೇ: ನಾನು ಹೌದು ಎಂದೆ, ಆ ಕಡೆಯಿಂದ ಸದ್ದಿಲ್ಲ. ಮೊದಲನೆಯದರಲ್ಲಿ ರೋಲ್‌ಬ್ಯಾಕ್ ಸರಿ, ಮೂರನೆಯದರಲ್ಲಿ ಕಮಿಟ್ ಒಂದೇ ಸರಿ.

ಟೈಮ್‌ಔಟ್ ಇಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಹತ್ತು ನಿಮಿಷ ಕಾದು ರೋಲ್‌ಬ್ಯಾಕ್ ಮಾಡು ಎಂದರೆ ಮೂರನೆಯ ಸಂದರ್ಭದಲ್ಲಿ ಗ್ರಾಹಕನ ಹಣ ಹೋಯಿತು, ಅಂಗಡಿಯವನಿಗೆ ಬರಲಿಲ್ಲ. ಹತ್ತು ನಿಮಿಷ ಕಾದು ಕಮಿಟ್ ಮಾಡು ಎಂದರೆ, ಅ ಇಲ್ಲ ಎಂದಿದ್ದ ಸಂದರ್ಭದಲ್ಲಿ ಯಾರದ್ದೂ ಅಲ್ಲದ ಹಣ ಅಂಗಡಿಯವನ ಖಾತೆಗೆ ಬಂತು. ಎಷ್ಟು ಹೊತ್ತು ಕಾದರೂ ಕಾಯುವುದರಿಂದ ಹೊಸ ವಿಷಯವೇನೂ ತಿಳಿಯುವುದಿಲ್ಲ. ತೀರ್ಮಾನ ಇರುವುದು ಸತ್ತವನ ಲಾಗ್‌ನಲ್ಲಿ. ಅಲ್ಲಿಯವರೆಗೆ ಆ ತ್ರಿಶಂಕು ಸ್ಥಿತಿಯಲ್ಲಿ ನೇತಾಡಬೇಕು, ಲಾಕ್ ಬಿಡದೆ. ಪುಸ್ತಕಗಳಲ್ಲಿ ಟೂ ಫೇಸ್ ಕಮಿಟ್ ಬ್ಲಾಕಿಂಗ್ ಎಂದು ಬರೆದಿರುವುದರ ಅರ್ಥ ಇದೇ.

ಆ ರಾತ್ರಿ ಲಾಕ್ ಹಿಡಿದಿದ್ದ ಒಂದು ರೋ ದೊಡ್ಡ ಅಂಗಡಿಯೊಂದರ ಖಾತೆಯದು. ಶನಿವಾರ ಸಂಜೆ ಅದಕ್ಕೆ ಬರುವ ಪ್ರತಿ ಪಾವತಿಯೂ ಆ ರೋಗಾಗಿ ಸಾಲಿನಲ್ಲಿ ನಿಂತಿತು. ನಿಂತ ಪ್ರತಿಯೊಂದೂ ಒಂದು ಕನೆಕ್ಷನ್ ಹಿಡಿದಿತ್ತು. ನೂರು ಕನೆಕ್ಷನ್ ತುಂಬಿದ ಮೇಲೆ ಆ ಅಂಗಡಿಗೆ ಸಂಬಂಧವೇ ಇಲ್ಲದ ಪಾವತಿಗಳೂ ನಿಂತವು. ಹೊರಗಿನಿಂದ ನೋಡಿದವರಿಗೆ ಇಡೀ ಡೇಟಾಬೇಸ್ ಬಿದ್ದಂತೆ ಕಂಡಿತ್ತು.

ಮೊದಲು ಎರಡೂ ಸರ್ವರ್‌ಗಳಲ್ಲಿ ಇದನ್ನು ಓಡಿಸಲು ಹೇಳಿದೆ:

```
SELECT gid, prepared, owner, database
FROM pg_prepared_xacts
ORDER BY prepared;
```

ಆ-ದಲ್ಲಿ ಮೂರು ಬಂದವು: `xfer-7781`, `xfer-7784`, `xfer-7790`. ಮೂರೂ 9:14ರ ಆಸುಪಾಸಿನವು, ಮೂರೂ ಬೇರೆ ಬೇರೆ ಅಂಗಡಿಯವು. ಅ-ದಲ್ಲಿ `xfer-7790` ಒಂದೇ. 9:14ಕ್ಕೆ ಏನಾಯಿತು ಎಂದು ಕೇಳಿದೆ. ಕೋಆರ್ಡಿನೇಟರ್ ಓಡುತ್ತಿದ್ದ ಕಂಟೇನರ್ ಬಿದ್ದು, ಅದರ ಜಾಗದಲ್ಲಿ ತಾನಾಗಿಯೇ ಹೊಸದು ಎದ್ದಿತ್ತು.

“ಹಂಗಾರ ಕೋಆರ್ಡಿನೇಟರ್ ಎದ್ದು ಅರ್ಧ ತಾಸಾತಲ್ರಿ, ಅದ್ಯಾಕ ಇವನ್ನ ಮುಗಿಸವಲ್ದು?”

ಒಳ್ಳೆಯ ಪ್ರಶ್ನೆ. ಸರಿಯಾದ ಕೋಆರ್ಡಿನೇಟರ್ ಎದ್ದ ಕೂಡಲೇ ತನ್ನ ಲಾಗ್ ಓದಿ, ಅರ್ಧಕ್ಕೆ ನಿಂತವುಗಳನ್ನು ಮುಗಿಸಬೇಕು. ಲಾಗ್ ಎಲ್ಲಿದೆ ನೋಡು ಎಂದೆ. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಹೇಳಿದ, ಲಾಗ್ ಕಂಟೇನರ್‌ನ ಒಳಗಿನ ಡಿಸ್ಕ್‌ನಲ್ಲೇ ಇತ್ತಂತೆ. ಕಂಟೇನರ್ ಜೊತೆಗೆ ಅದೂ ಹೋಗಿತ್ತು. ಹೊಸ ಕೋಆರ್ಡಿನೇಟರ್ ಖಾಲಿ ಲಾಗ್ ನೋಡಿ, ಬಾಕಿ ಕೆಲಸವೇ ಇಲ್ಲ ಎಂದುಕೊಂಡು ತಣ್ಣಗೆ ಕೂತಿತ್ತು.

“ಮೂರೂ ರೋಲ್‌ಬ್ಯಾಕ್ ಹೊಡೀಲೇನ್ರಿ? ಲಾಗ್‌ನ್ಯಾಗ ಇಲ್ಲಂದ್ರ ರೋಲ್‌ಬ್ಯಾಕ್ ಅಂತ ಓದೀನ್ರಿ.”

ಆತ ಓದಿದ್ದು ಸರಿಯೇ. ಅದಕ್ಕೆ ಪ್ರಿಸ್ಯೂಮ್ಡ್ ಅಬಾರ್ಟ್ ಎಂದು ಹೆಸರು. ಕಮಿಟ್ ಎಂಬ ತೀರ್ಮಾನವನ್ನು ಹೇಳುವ ಮೊದಲು ಬರೆಯಲೇಬೇಕು. ಆದ್ದರಿಂದ ಬಾಕಿ ಇರುವ ವ್ಯವಹಾರದ ಬಗ್ಗೆ ಲಾಗ್‌ನಲ್ಲಿ ಏನೂ ಇಲ್ಲವೆಂದರೆ ಕಮಿಟ್ ತೀರ್ಮಾನ ಆಗಿಯೇ ಇಲ್ಲ, ರೋಲ್‌ಬ್ಯಾಕ್ ಮಾಡಬಹುದು. ರೋಲ್‌ಬ್ಯಾಕ್‌ಗೆ ಪ್ರತ್ಯೇಕವಾಗಿ ಬರೆಯುವ ಖರ್ಚು ಉಳಿಯಿತು. ಐಬಿಎಂನಲ್ಲಿ ಆರ್ ಸ್ಟಾರ್ ಎಂಬ ಡೇಟಾಬೇಸ್ ಕಟ್ಟುವಾಗ ಇದನ್ನು ರೂಪಿಸಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ಸಿ. ಮೋಹನ್. ಅವರ ಪ್ರಬಂಧ ಬಂದದ್ದು 1986ರಲ್ಲಿ.

ಆದರೆ ಆ ನಿಯಮದ ಕೆಳಗೆ ಒಂದು ಷರತ್ತಿದೆ. ಲಾಗ್‌ನಲ್ಲಿ ಬರೆದಿಲ್ಲ ಎನ್ನುವುದು ಬೇರೆ, ಲಾಗೇ ಇಲ್ಲ ಎನ್ನುವುದು ಬೇರೆ. ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರಿನ ಸಾಲ ಕಾಣದಿದ್ದರೆ ನೀವು ಸಾಲಗಾರರಲ್ಲ. ಪುಸ್ತಕವೇ ಸುಟ್ಟುಹೋಗಿದ್ದರೆ ಹಾಗೆ ಹೇಳಲಾಗದು. ಆತ ಮೂರನ್ನೂ ರೋಲ್‌ಬ್ಯಾಕ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಈಗ ನೋಡೋಣ.

ಮೊದಲು ಹೊಸ ಕೋಆರ್ಡಿನೇಟರ್ ನಿಲ್ಲಿಸಲು ಹೇಳಿದೆ, ನಾವು ನೋಡುತ್ತಿರುವಾಗ ಅದು ಇನ್ನೇನಾದರೂ ಮಾಡಬಾರದು. ಆಮೇಲೆ ಒಂದೊಂದೇ ತೆಗೆದುಕೊಂಡೆವು. ನಮ್ಮ ಪುಣ್ಯಕ್ಕೆ, ಅ-ದಲ್ಲಿ ಹಣ ಕಳೆಯುವಾಗಲೆಲ್ಲ ಅದೇ ವ್ಯವಹಾರದ ಒಳಗೆ ಲೆಡ್ಜರ್ ಟೇಬಲ್‌ನಲ್ಲಿ ವರ್ಗಾವಣೆಯ ಸಂಖ್ಯೆಯೊಂದಿಗೆ ಒಂದು ಸಾಲು ಸೇರುತ್ತಿತ್ತು.

7781: ಅ-ದಲ್ಲಿ ಬಾಕಿ ಪಟ್ಟಿಯಲ್ಲಿಲ್ಲ. ಲೆಡ್ಜರ್‌ನಲ್ಲಿ ನೋಡಿದರೆ ಸಾಲು ಇದೆ, 18,500 ರೂಪಾಯಿ ಕಳೆದಾಗಿದೆ. ಅ ಕಮಿಟ್ ಮಾಡಿದೆ ಎಂದರೆ ಯಾರೋ ಅದಕ್ಕೆ ಕಮಿಟ್ ಎಂದು ಹೇಳಿದ್ದಾರೆ, ಅಂದರೆ ತೀರ್ಮಾನ ಕಮಿಟ್. ಇದೇ ಆ ಮೂರನೆಯ ಸಂದರ್ಭ. ಆ-ದಲ್ಲೂ `COMMIT PREPARED` ಮಾಡಬೇಕು. ರೋಲ್‌ಬ್ಯಾಕ್ ಮಾಡಿದ್ದರೆ ಗ್ರಾಹಕನ 18,500 ರೂಪಾಯಿ ಗಾಳಿಗೆ ಹೋಗುತ್ತಿತ್ತು. ಯಾವ ಎರರ್ ಕೂಡ ಬರುತ್ತಿರಲಿಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದಾಗ ಗೊತ್ತಾಗುತ್ತಿತ್ತು, ಅದೂ ಯಾರಾದರೂ ನೋಡಿದ್ದರೆ.

7784: ಅ-ದ ಬಾಕಿ ಪಟ್ಟಿಯಲ್ಲಿಲ್ಲ, ಲೆಡ್ಜರ್‌ನಲ್ಲೂ ಸಾಲಿಲ್ಲ. ಅಂದರೆ ಅ ಹೌದು ಎನ್ನುವ ಮೊದಲೇ ಕೋಆರ್ಡಿನೇಟರ್ ಬಿದ್ದಿದೆ, ಅಥವಾ ಅ-ದಲ್ಲಿ ಅದು ರೋಲ್‌ಬ್ಯಾಕ್ ಆಗಿದೆ. ಎರಡರಲ್ಲಿ ಯಾವುದಾದರೂ ಇನ್ನು ಕಮಿಟ್ ಸಾಧ್ಯವೇ ಇಲ್ಲ. ಆ-ದಲ್ಲಿ `ROLLBACK PREPARED`.

7790: ಎರಡೂ ಕಡೆ ಹೌದು ಎಂದು ಹೇಳಿ ಕೂತಿವೆ. ಇಲ್ಲಿ ಡೇಟಾಬೇಸ್‌ಗಳನ್ನು ಎಷ್ಟು ಕೇಳಿದರೂ ಉತ್ತರವಿಲ್ಲ, ಏಕೆಂದರೆ ಇಬ್ಬರಿಗೂ ಗೊತ್ತಿಲ್ಲ. ಎರಡೂ ಕಡೆ ಒಂದೇ ತೀರ್ಮಾನ ಮಾಡಿದರೆ ಲೆಕ್ಕವೇನೋ ತಾಳೆಯಾಗುತ್ತದೆ. ಆದರೆ ಮೂರನೆಯವನೊಬ್ಬನಿದ್ದಾನೆ, ಗ್ರಾಹಕ. ಅವರ ಕೋಆರ್ಡಿನೇಟರ್ ತೀರ್ಮಾನವನ್ನು ಲಾಗ್‌ಗೆ ಬರೆದ ಕೂಡಲೇ ಗ್ರಾಹಕನಿಗೆ ‘ಪಾವತಿ ಆಯಿತು’ ಎಂದು ಉತ್ತರಿಸುತ್ತಿತ್ತು. ಹಾಗೆ ಮಾಡುವುದು ತಪ್ಪಲ್ಲ, ಬರೆದ ಮೇಲೆ ತೀರ್ಮಾನ ಬದಲಾಗುವುದಿಲ್ಲವಲ್ಲ. ಆ ಉತ್ತರ ಹೋಗಿದ್ದರೆ ಆತ ಸಾಮಾನು ತೆಗೆದುಕೊಂಡು ಮನೆಗೆ ಹೋಗಿರುತ್ತಾನೆ, ಈಗ ರೋಲ್‌ಬ್ಯಾಕ್ ಮಾಡುವಂತಿಲ್ಲ. ಆದ್ದರಿಂದ ಮುಂದಿನ ವೆಬ್ ಸರ್ವರ್‌ನ ಲಾಗ್ ತೆರೆಸಿದೆ. ಗ್ರಾಹಕರಿಗೆ ಹೋಗುವ ಪ್ರತಿ ಉತ್ತರವೂ ಅದನ್ನು ದಾಟಿಯೇ ಹೋಗಬೇಕು. 7790ಕ್ಕೆ ಯಶಸ್ಸಿನ ಉತ್ತರ ಹೋಗಿರಲಿಲ್ಲ, ಸಂಪರ್ಕ ಕಡಿದ ಎರರ್ ಹೋಗಿತ್ತು. ಆಯಿತು ಎಂದು ಯಾರಿಗೂ ಹೇಳಿಲ್ಲ, ಯಾವ ಡೇಟಾಬೇಸೂ ಕಮಿಟ್ ಮಾಡಿಲ್ಲ. ಎರಡೂ ಕಡೆ ರೋಲ್‌ಬ್ಯಾಕ್ ಮಾಡಿಸಿದೆ.

ಮೂರನೆಯ ಸಾಲು ಮುಗಿದ ಕೂಡಲೇ ಸಾಲುಗಟ್ಟಿ ನಿಂತಿದ್ದ ಪಾವತಿಗಳು ಒಮ್ಮೆಲೇ ಹರಿದವು. ಆಗ ಗಂಟೆ ಹತ್ತೂವರೆ.

ಇಲ್ಲಿ ಸಣ್ಣ ಎಚ್ಚರಿಕೆ. ಆ ಮೂರರಲ್ಲಿ ಎರಡು ನಮಗೆ ಬಿಡಿಸಲು ಬಂದದ್ದು, ಇನ್ನೊಬ್ಬ ಪಾಲುದಾರನ ಬಳಿ ಸಾಕ್ಷಿ ಇದ್ದುದರಿಂದ. ಅ ಸರ್ವರ್ ಕೂಡ ಅದೇ ಹೊತ್ತಿಗೆ ಬಿದ್ದಿದ್ದರೆ, ಅಥವಾ ಲೆಡ್ಜರ್‌ನ ಆ ಸಾಲು ಬೇರೊಂದು ವ್ಯವಹಾರದಲ್ಲಿ ಸೇರುವಂತಿದ್ದರೆ, ನಮ್ಮ ತರ್ಕ ನಿಲ್ಲುತ್ತಿರಲಿಲ್ಲ.

ಇದಕ್ಕೆ ಶಾಶ್ವತ ಪರಿಹಾರ ಇಲ್ಲವೇ? ಐಬಿಎಂನ ಜಿಮ್ ಗ್ರೇ 1978ರಲ್ಲಿ ಟೂ ಫೇಸ್ ಕಮಿಟ್ ವಿವರಿಸಿ ಬರೆದ ಮೇಲೆ ಹಲವರು ಹುಡುಕಿದ್ದಾರೆ. 1981ರಲ್ಲಿ ಡೇಲ್ ಸ್ಕೀನ್ ನಡುವೆ ಇನ್ನೊಂದು ಹಂತ ಸೇರಿಸಿದರು. ತೀರ್ಮಾನ ಜಾರಿ ಮಾಡುವ ಮೊದಲೇ ಅದನ್ನು ಎಲ್ಲ ಪಾಲುದಾರರಿಗೂ ತಿಳಿಸಿಟ್ಟರೆ, ಕೋಆರ್ಡಿನೇಟರ್ ಸತ್ತರೂ ಉಳಿದವರು ಸೇರಿ ಮುಗಿಸಬಹುದು. ಆದರೆ ಆತ ನಿಜಕ್ಕೂ ಸತ್ತಿದ್ದಾನೆ ಎಂದು ಗೊತ್ತಿರಬೇಕು. ನೆಟ್‌ವರ್ಕ್ ಎರಡು ಹೋಳಾಗಿ, ಎರಡೂ ಕಡೆಯವರು ಆಚೆಯವರು ಸತ್ತರು ಎಂದುಕೊಂಡರೆ ಎರಡು ತೀರ್ಮಾನ ಹುಟ್ಟಬಹುದು.

ನಡೆದು ಬಂದ ದಾರಿ ಬೇರೆ. ಕೋಆರ್ಡಿನೇಟರ್ ಒಬ್ಬನೇ ಆಗಿರುವುದು ತೊಂದರೆ ತಾನೇ? ಹಾಗಾದರೆ ತೀರ್ಮಾನವನ್ನು ಒಂದು ಡಿಸ್ಕ್‌ನಲ್ಲಿ ಬರೆಯುವ ಬದಲು ಮೂರು ಅಥವಾ ಐದು ಯಂತ್ರಗಳಲ್ಲಿ ಬರೆಯೋಣ, ಬಹುಮತ ಒಪ್ಪಿದ್ದೇ ತೀರ್ಮಾನ. ಒಬ್ಬ ಸತ್ತರೆ ಇನ್ನೊಬ್ಬ ಅದೇ ಲಾಗ್ ಓದಿ ಮುಂದುವರಿಸುತ್ತಾನೆ. 2006ರಲ್ಲಿ ಗ್ರೇ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಇದೇ ದಾರಿಯಲ್ಲಿ ಪ್ಯಾಕ್ಸೋಸ್ ಕಮಿಟ್ ಬರೆದರು. ನಮ್ಮ ಹಳೆಯ ಟೂ ಫೇಸ್ ಕಮಿಟ್ ಎಂದರೆ ಒಬ್ಬರ ಸಾವನ್ನೂ ತಾಳಿಕೊಳ್ಳದ ಪ್ಯಾಕ್ಸೋಸ್ ಕಮಿಟ್ ಎಂದು ಅದರಲ್ಲಿ ತೋರಿಸಿದ್ದಾರೆ. ಗೂಗಲ್‌ನ ಸ್ಪ್ಯಾನರ್‌ನಲ್ಲಿ ಇಂದಿಗೂ ಟೂ ಫೇಸ್ ಕಮಿಟ್ ಇದೆ. ಆದರೆ ಅಲ್ಲಿ ಕೋಆರ್ಡಿನೇಟರೂ ಪಾಲುದಾರರೂ ಒಂದೊಂದು ಯಂತ್ರವಲ್ಲ, ಯಂತ್ರಗಳ ಗುಂಪು. ಬಹುಮತವೇ ಸತ್ತರೆ ಅಲ್ಲೂ ಕಾಯಬೇಕು. ಕಾಯುವಿಕೆ ಹೋಗಿಲ್ಲ, ಅಪರೂಪವಾಗಿದೆ.

ನಮ್ಮಂಥವರು ಮಾಡಬಹುದಾದದ್ದು ಇಷ್ಟು. ಹೈದರಾಬಾದಿನಲ್ಲಿ ಮರುದಿನ ಮಾಡಿದ್ದೂ ಇದನ್ನೇ. ಕೋಆರ್ಡಿನೇಟರ್‌ನ ಲಾಗ್ ಅನ್ನು ಕಂಟೇನರ್‌ನಿಂದ ಹೊರಗೆ, ಪ್ರತಿ ಇರುವ ಡಿಸ್ಕ್‌ಗೆ ಹಾಕಿದರು. ಆ ಲಾಗ್ ಕೂಡ ಡೇಟಾಬೇಸ್‌ನಷ್ಟೇ ಬೆಲೆಯುಳ್ಳದ್ದು, ಅದನ್ನು ಅಳಿಸಿದರೆ ಹಣದ ಲೆಕ್ಕ ಅಳಿಸಿದಂತೆ. ಎರಡನೆಯದು, ಪ್ರತಿ ನಿಮಿಷ ಓಡಿ, ಒಂದೇ ಒಂದು ಸಾಲು ಬಂದರೂ ಫೋನ್ ಬಡಿಯುವಂತೆ ಈ ಪ್ರಶ್ನೆ:

```
SELECT gid, database, now() - prepared AS age
FROM pg_prepared_xacts
WHERE now() - prepared > interval '5 minutes';
```

ಆರೋಗ್ಯವಾಗಿರುವ ವ್ಯವಸ್ಥೆಯಲ್ಲಿ ಹೌದು ಎಂಬುದಕ್ಕೂ ಕಮಿಟ್‌ಗೂ ನಡುವೆ ಇರುವುದು ಮಿಲಿಸೆಕೆಂಡುಗಳು. ಐದು ನಿಮಿಷ ಎಂದರೆ ಯಾರೋ ಸತ್ತಿದ್ದಾರೆ. ಯಾರೂ ಬಳಸದ ಟೇಬಲ್‌ನ ಮೇಲೆ ಇಂಥ ಅನಾಥ ವ್ಯವಹಾರ ಕೂತರೆ ಲಾಕ್‌ನ ತೊಂದರೆ ಕಾಣುವುದೇ ಇಲ್ಲ, ಅದು ಇನ್ನೂ ಕೆಟ್ಟದ್ದು. ಅದು ಶುರುವಾದ ಮೇಲೆ ಸತ್ತ ಹಳೆಯ ರೋಗಳನ್ನು `VACUUM` ತೆಗೆಯಲಾಗದೆ, ಟೇಬಲ್‌ಗಳು ವಾರಗಟ್ಟಲೆ ಊದುತ್ತಾ ಹೋಗುತ್ತವೆ. ಡಿಸ್ಕ್ ಏಕೆ ತುಂಬುತ್ತಿದೆ ಎಂದು ಹುಡುಕುವವರಿಗೆ ಈ ಪಟ್ಟಿ ನೋಡಬೇಕೆಂದು ಹೊಳೆಯುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ `max_prepared_transactions` ಮೊದಲಿಗೆ ಸೊನ್ನೆಯೇ ಇರುವುದು, ಅಂದರೆ ಈ ಸೌಲಭ್ಯ ಮುಚ್ಚಿಯೇ ಇರುವುದು, ಸುಮ್ಮನೆ ಅಲ್ಲ. ನಿಮ್ಮಲ್ಲಿ ನಿಜವಾದ ಕೋಆರ್ಡಿನೇಟರ್ ಇಲ್ಲದಿದ್ದರೆ ಅದು ಸೊನ್ನೆಯೇ ಇರಲಿ.

ಆ ರಾತ್ರಿ ಫೋನ್ ಇಡುವ ಮೊದಲು ಹುಡುಗ ಕೇಳಿದ, “ಸರ, ಮೂರಕ್ಕೂ ರೋಲ್‌ಬ್ಯಾಕ್ ಟೈಪ್ ಮಾಡಿ ಇಟ್ಟಿದ್ನಿರಿ. ಎಂಟರ್ ಹೊಡದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ, ಹೌದಲ್ರಿ?”

ಹೌದು ಎಂದೆ. ಆ 18,500 ರೂಪಾಯಿ ಕೊಟ್ಟವನ ಹೊರತು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಅನ್ನ ತಣ್ಣಗಾಗಿತ್ತು.